ಅರ್ಧ ನೀಲಿ, ಅರ್ಧ ಹಳದಿ: ಕಿಟಕಿ ಬೆಳಕೂ ಬಲ್ಬಿನ ಬೆಳಕೂ ಕೂಡಿದಾಗ

(ಸ್ಕೋಕಿಯಲ್ಲಿ ನಡೆದ ಚಳಿಗಾಲದ ಕೂಟದಲ್ಲಿ ಆಡಿದ ಮಾತಿನ ಬರಹರೂಪ)

ಇಂಥ ಚಳಿಯಲ್ಲೂ ಬಂದಿದ್ದೀರಿ, ಡೆಟ್ರಾಯಿಟ್ ಕಡೆಯಿಂದ ನಾಲ್ಕೈದು ಗಂಟೆ ಕಾರು ಓಡಿಸಿಕೊಂಡು ಬಂದವರೂ ಇದ್ದೀರಿ. ಊಟದ ವಾಸನೆ ಆಗಲೇ ಬರ್ತಾ ಇದೆ, ಅದಕ್ಕೆ ನೇರವಾಗಿ ವಿಷಯಕ್ಕೆ ಬರ್ತೀನಿ.

ಪರದೆ ಮೇಲೆ ಇರೋ ಈ ಫೋಟೋ ನೋಡಿ. ನಾಮಕರಣದ ಫೋಟೋ. ಮನೆಯವರ ಒಪ್ಪಿಗೆ ತಗೊಂಡೇ ತೋರಿಸ್ತಾ ಇದ್ದೀನಿ. ತೊಟ್ಟಿಲು ಇದೆ, ತೊಟ್ಟಿಲಲ್ಲಿ ಹನ್ನೆರಡು ದಿನದ ಮಗು, ಪಕ್ಕದಲ್ಲಿ ತಾಯಿ. ಮಗುವಿನ ಎಡಗೆನ್ನೆ ನೀಲಿ, ಬಲಗೆನ್ನೆ ಅರಿಶಿನ ಹಚ್ಚಿದ ಹಾಗಿದೆ. ತೊಟ್ಟಿಲಿಗೆ ಹಾಸಿರೋ ಬಿಳಿ ಪಂಚೆ ಒಂದೇ ಬಟ್ಟೆ ಆದರೂ ಒಂದು ತುದಿ ಆಕಾಶದ ಬಣ್ಣ, ಇನ್ನೊಂದು ತುದಿ ಕೇಸರಿಬಾತಿನ ಬಣ್ಣ. ಕ್ಯಾಮೆರಾ ಕೆಟ್ಟಿಲ್ಲ, ಒಳ್ಳೆಯ ಕ್ಯಾಮೆರಾ ಅದು. ತೆಗೆದ ಸೋದರಮಾವನಿಗೂ ಕೈ ನಡುಕ ಏನಿಲ್ಲ, ಕಣ್ಣಿಗೆ ಸರಿಯಾಗಿ ಫೋಕಸ್ ಆಗಿದೆ.

ಇದೇ ಫೋಟೋ ಫೋನಿನಲ್ಲಿ ಹಾಸನಕ್ಕೆ ಹೋಯಿತು. ಮೊಣಕಾಲು ನೋವಿನಿಂದ ಇಲ್ಲಿಗೆ ಬರಲಾಗದ ಅಜ್ಜಿ ನೋಡಿದರು. ನೋಡಿದ ಕೂಡಲೇ ಫೋನು: "ಮಗೂಗೆ ಕಾಮಾಲೆ ಆಗಿದೆ ಅಲ್ವೇನೋ? ನನ್ನ ಹತ್ತಿರ ಯಾಕೆ ಮುಚ್ಚಿಡ್ತಾ ಇದ್ದೀರಾ?" ಅಲ್ಲಿ ಆಗ ರಾತ್ರಿ ಹನ್ನೊಂದು ದಾಟಿತ್ತು, ಅಜ್ಜಿಗೆ ನಿದ್ದೆ ಇಲ್ಲ. ಮಗುವನ್ನ ಮಕ್ಕಳ ವೈದ್ಯರು ಅದಾಗಲೇ ನೋಡಿ, ಏನೂ ಇಲ್ಲ ಅಂತ ಹೇಳಿದ್ದರು. ಆದರೆ ಫೋಟೋ ಬೇರೆ ಹೇಳ್ತಾ ಇದೆ, ಅಜ್ಜಿ ಫೋಟೋ ನಂಬಿದರು. ನಾವೆಲ್ಲ ನಮ್ಮ ಮಕ್ಕಳನ್ನ ಊರಿನವರಿಗೆ ತೋರಿಸೋದು ಫೋಟೋದಲ್ಲೇ ತಾನೆ?

ಹಾಗಾಗಿ ಇವತ್ತು ಈ ಒಂದೇ ಫೋಟೋ ಇಟ್ಕೊಂಡು ಮಾತಾಡ್ತೀನಿ. ಯಾಕೆ ಹೀಗಾಯಿತು, ಇದನ್ನ ಎಷ್ಟರ ಮಟ್ಟಿಗೆ ಸರಿಮಾಡಬಹುದು, ಎಲ್ಲಿ ಕೈಬಿಡಬೇಕು ಅಂತ.

ಮೊದಲು ಆ ಕೋಣೆ ಹೇಗಿತ್ತು ಅಂತ ಹೇಳ್ತೀನಿ. ಇಲ್ಲೇ ಡೆಂಪ್‌ಸ್ಟರ್ ರಸ್ತೆ ಹತ್ತಿರದ ಅಪಾರ್ಟ್‌ಮೆಂಟು, ಎರಡನೇ ಮಹಡಿ. ಜನವರಿ, ಬೆಳಿಗ್ಗೆ ಹನ್ನೊಂದು ಗಂಟೆ. ಉತ್ತರಕ್ಕೆ ದೊಡ್ಡ ಕಿಟಕಿ, ಹೊರಗೆ ಹಿಮ, ಮೇಲೆ ಮೋಡ. ನಮ್ಮ ಅಪಾರ್ಟ್‌ಮೆಂಟುಗಳು ನಿಮಗೆ ಗೊತ್ತಲ್ಲ, ಹಾಲಿನ ಚಾವಣಿಯಲ್ಲಿ ಎಷ್ಟೋ ಕಡೆ ದೀಪಾನೇ ಇರೋದಿಲ್ಲ, ಮೂಲೆಯಲ್ಲಿ ನಿಲ್ಲಿಸೋ ಲ್ಯಾಂಪೇ ಗತಿ. ಇಲ್ಲಿ ಅಂಥ ಎರಡು ಲ್ಯಾಂಪು ತೊಟ್ಟಿಲಿನ ಬಲಗಡೆ ಉರೀತಾ ಇದ್ದವು. ಕಿಟಕಿ ಎಡಗಡೆ. ಮಗು ನಡುವೆ.

ಬೆಳಕಿನ ಬಣ್ಣವನ್ನ ಅಳೆಯೋದು ಕೆಲ್ವಿನ್ ಅನ್ನೋ ಮಾನದಲ್ಲಿ. ಕುಲುಮೆಯಲ್ಲಿ ಕಬ್ಬಿಣ ಕಾಯಿಸಿದರೆ ಮೊದಲು ಕೆಂಪಾಗುತ್ತೆ, ಆಮೇಲೆ ಹಳದಿ, ಇನ್ನೂ ಕಾದರೆ ಬಿಳಿ. ಅದೇ ಲೆಕ್ಕ ಇದು. ಅಂಕಿ ಕಮ್ಮಿ ಇದ್ದರೆ ಬೆಳಕು ಕೆಂಪು-ಹಳದಿ, ಅಂಕಿ ಜಾಸ್ತಿ ಆದಷ್ಟೂ ನೀಲಿ. ದೇವರ ಮುಂದಿನ ಎಣ್ಣೆದೀಪ ಸುಮಾರು 1900. ಅಂಗಡಿಯಲ್ಲಿ ‘ಸಾಫ್ಟ್ ವೈಟ್’ ಅಂತ ಬರೆದಿರೋ ಬಲ್ಬು 2700. ನಡುಹಗಲ ಬಿಸಿಲು ಸುಮಾರು 5500. ಮೋಡದ ಬೆಳಕು 6500, 7000ದ ಆಸುಪಾಸು. ಬಿಸಿಲು ನೇರ ಬೀಳದ, ಬರೀ ನೀಲಿ ಆಕಾಶ ಕಾಣೋ ಉತ್ತರದ ಕಿಟಕಿ ಆದರೆ ಅದಕ್ಕಿಂತಲೂ ಮೇಲೆ ಹೋಗುತ್ತೆ. ಅಂದರೆ ಈ ತೊಟ್ಟಿಲಿನ ಒಂದು ಕಡೆಗೆ 6500 ಮೀರಿದ ಬೆಳಕು, ಇನ್ನೊಂದು ಕಡೆಗೆ 2700.

ಇಲ್ಲಿ ಒಂದು ಪ್ರಶ್ನೆ ಬರುತ್ತೆ: ಊರಲ್ಲಿ ಯಾಕೆ ಈ ತೊಂದರೆ ಇಷ್ಟು ಕಾಣ್ತಾ ಇರಲಿಲ್ಲ? ನನ್ನ ಉತ್ತರ, ಟ್ಯೂಬ್‌ಲೈಟು. ನಮ್ಮ ಊರಿನ ಮನೆಗಳಲ್ಲಿ ಬೆಳ್ಳಗಿನ ಟ್ಯೂಬ್‌ಲೈಟು ಹಾಕೋದು ವಾಡಿಕೆ, ಸಾಮಾನ್ಯವಾಗಿ ಅದು 6500 ಕೆಲ್ವಿನ್. ಕಿಟಕಿಯ ಬೆಳಕಿಗೂ ಅದಕ್ಕೂ ಹೆಚ್ಚು ದೂರ ಇಲ್ಲ. ಸ್ವಲ್ಪ ಹಸಿರು ಬಡಿಯೋದು, ಅಷ್ಟೆ. ಈ ದೇಶದವರಿಗೆ ಮನೆಯೊಳಗೆ ಹಳದಿ ಬೆಳಕೇ ಬೇಕು, ಬಿಳಿ ಬೆಳಕು ಅಂದರೆ ಆಸ್ಪತ್ರೆ ಅಂತಾರೆ. 2023ರ ಆಗಸ್ಟಿನಿಂದ ಹಳೇ ತಂತಿ ಬಲ್ಬು ಮಾರೋದು ಇಲ್ಲಿ ಹೆಚ್ಚುಕಮ್ಮಿ ನಿಂತೇಹೋಗಿದೆ, ಆದರೂ ಬದಲಿಗೆ ಬಂದ ಎಲ್‌ಇಡಿಗಳನ್ನೂ ಅದೇ ತಂತಿ ಬಲ್ಬಿನ ಬಣ್ಣಕ್ಕೆ ಹೊಂದಿಸೇ ಮಾಡ್ತಾರೆ. ನಾವು ಬಾಡಿಗೆ ಮನೆಗೆ ಬಂದಾಗ ಆ ಬಲ್ಬುಗಳು ಆಗಲೇ ಅಲ್ಲಿರ್ತವೆ, ಯಾರೂ ಬದಲಾಯಿಸೋಕೆ ಹೋಗೋದಿಲ್ಲ.

ಸರಿ, ಕೋಣೆಯಲ್ಲಿ ನಿಂತಿದ್ದವರ ಕಣ್ಣಿಗೆ ಇದು ಯಾಕೆ ಕಾಣಲಿಲ್ಲ? ಮಿದುಳು ತಿದ್ದಿಕೊಳ್ಳುತ್ತೆ. ಪಂಚೆ ಬಿಳಿ ಅಂತ ನಮಗೆ ಗೊತ್ತು, ಆದ್ದರಿಂದ ಬಿಳಿಯಾಗೇ ಕಾಣುತ್ತೆ. ಕ್ಯಾಮೆರಾಕ್ಕೆ ಆ ಜ್ಞಾನ ಇಲ್ಲ. ಅದು ಮಾಡೋದು ಒಂದೇ ಕೆಲಸ: ‘ಈ ಚಿತ್ರದಲ್ಲಿ ಬೆಳಕು ಇಂಥ ಬಣ್ಣದ್ದು’ ಅಂತ ಒಂದು ಊಹೆ ಮಾಡಿ, ಇಡೀ ಚಿತ್ರದ ಕೆಂಪನ್ನೂ ನೀಲಿಯನ್ನೂ ಅದಕ್ಕೆ ತಕ್ಕ ಹಾಗೆ ಹೆಚ್ಚು ಕಮ್ಮಿ ಮಾಡೋದು. ಇದೇ ವೈಟ್ ಬ್ಯಾಲೆನ್ಸ್. ಗಮನಿಸಿ, ಇಡೀ ಚಿತ್ರಕ್ಕೆ ಒಂದೇ ಊಹೆ. ಎರಡು ಬೆಳಕು ಇದ್ದಾಗ ಆಟೋದಲ್ಲಿಟ್ಟ ಕ್ಯಾಮೆರಾ ನಡುವೆ ಎಲ್ಲೋ ನಿಲ್ಲುತ್ತೆ. ಈ ಫೋಟೋದಲ್ಲಿ ಅದು ನಿಂತದ್ದು 4200ರಲ್ಲಿ. ಕಿಟಕಿ ಬೆಳಕಿಗೆ ಅದು ತೀರ ಕಮ್ಮಿ, ಆದ್ದರಿಂದ ಆ ಕಡೆ ನೀಲಿ. ಬಲ್ಬಿಗೆ ತೀರ ಜಾಸ್ತಿ, ಆದ್ದರಿಂದ ಈ ಕಡೆ ಹಳದಿ. ಎರಡು ಕಡೆಗೂ ಸಮಾಧಾನ ಮಾಡಲು ಹೋದ ಮಧ್ಯಸ್ಥ ಇಬ್ಬರ ಕೈಲೂ ಬೈಸಿಕೊಂಡ ಹಾಗೆ.

ನಮ್ಮ ಅಪ್ಪ ಅಮ್ಮಂದಿರ ಮದುವೆ ಆಲ್ಬಮ್‌ಗಳಲ್ಲಿ ಛತ್ರದ ಒಳಗಿನ ಚಿತ್ರಗಳು ಕಿತ್ತಳೆ ಬಣ್ಣಕ್ಕೆ ತಿರುಗಿರೋದನ್ನ ನೋಡಿರ್ತೀರಿ. ಹಳೇದಾಗಿ ಬಣ್ಣ ಮಾಸಿದ್ದು ಒಂದು ಕಾರಣ. ಇನ್ನೊಂದು, ಆಗ ಸಿಗ್ತಾ ಇದ್ದ ಸಾಮಾನ್ಯ ಕಲರ್ ರೀಲು ಹಗಲಿನ ಬೆಳಕಿಗೆ ಅಂತ ತಯಾರಾಗಿದ್ದು. ಅದನ್ನ ಬಲ್ಬಿನ ಕೆಳಗೆ ಓಡಿಸಿದರೆ ಹಳದಿ ಬರಲೇಬೇಕು. ಪ್ರಿಂಟು ಹಾಕುವಾಗ ಲ್ಯಾಬಿನವರು ಸ್ವಲ್ಪ ತಿದ್ದಬಹುದಿತ್ತು, ಆದರೆ ಅವರೂ ತಿದ್ದೋದು ಇಡೀ ಪ್ರಿಂಟನ್ನೇ. ಅರ್ಧಕ್ಕೊಂದು ಅರ್ಧಕ್ಕೊಂದು ತಿದ್ದೋ ಅನುಕೂಲ ನಮ್ಮ ಕೈಗೆ ಬಂದದ್ದು ಕಂಪ್ಯೂಟರಿನಿಂದ.

ಈಗ ತಿದ್ದೋಣ. ನನ್ನ ಪುಣ್ಯಕ್ಕೆ ಸೋದರಮಾವ ರಾ ಫೈಲ್ ಉಳಿಸಿಕೊಂಡಿದ್ದರು. ಇದು ಮುಖ್ಯ, ಕಾರಣ ಹೇಳ್ತೀನಿ. ರಾ ಫೈಲ್ ಅಂದರೆ ಹಿಟ್ಟು, ಜೆಪೆಗ್ ಅಂದರೆ ಸುಟ್ಟ ರೊಟ್ಟಿ. ರಾ ಫೈಲಿನಲ್ಲಿ ವೈಟ್ ಬ್ಯಾಲೆನ್ಸ್ ಅನ್ನೋದು ಪಕ್ಕದಲ್ಲಿ ಬರೆದಿಟ್ಟ ಒಂದು ಚೀಟಿ ಮಾತ್ರ. ಅದನ್ನ ಹರಿದು ಬೇರೆ ಚೀಟಿ ಅಂಟಿಸಿದರೆ ಏನೂ ನಷ್ಟ ಇಲ್ಲ. ಜೆಪೆಗ್‌ನಲ್ಲಿ ಕ್ಯಾಮೆರಾ ಆಗಲೇ ಬಣ್ಣ ಗುಣಿಸಿ, ಒಂದೊಂದು ಬಣ್ಣಕ್ಕೂ 256 ಮೆಟ್ಟಿಲು ಮಾತ್ರ ಉಳಿಸಿ, ಮಿಕ್ಕದ್ದನ್ನ ಎಸೆದಿರುತ್ತೆ. ಬಲ್ಬಿನ ಬೆಳಕಲ್ಲಿ ನೀಲಿ ಮೊದಲೇ ಕಮ್ಮಿ, ಅಲ್ಲಿ ಎಸೆದದ್ದನ್ನ ಆಮೇಲೆ ಎಳೆದು ತರಲು ಹೋದರೆ ಮುಖದ ಮೇಲೆ ಮಚ್ಚೆ ಮಚ್ಚೆಯಾಗಿ ಕಾಣುತ್ತೆ. ಜೆಪೆಗ್ ಮಾತ್ರ ಇದ್ದರೆ ಸಣ್ಣ ತಿದ್ದುಪಡಿ ಸಾಧ್ಯ, ಇಷ್ಟು ದೊಡ್ಡದು ಕಷ್ಟ.

ನಾನು ಬಳಸಿದ್ದು ಲೈಟ್‌ರೂಮ್. ಅದರಲ್ಲಿ ಎರಡು ಪಟ್ಟಿ ಇವೆ. Temp ಅನ್ನೋದು ನೀಲಿಯಿಂದ ಹಳದಿಗೆ ಎಳೆಯುತ್ತೆ. Tint ಅನ್ನೋದು ಹಸಿರಿನಿಂದ ನೇರಳೆ ಮಿಶ್ರಿತ ಗುಲಾಬಿಗೆ. ಹೊಸಬರಿಗೆ ಇಲ್ಲಿ ಒಂದು ಗೊಂದಲ ಆಗುತ್ತೆ. ಹೆಚ್ಚು ಕೆಲ್ವಿನ್ ಅಂದರೆ ನೀಲಿ ಅಂತ ಈಗ ತಾನೇ ಹೇಳಿದೆ, ಆದರೆ Temp ಹೆಚ್ಚಿಸಿದರೆ ಚಿತ್ರ ಹಳದಿ ಆಗುತ್ತೆ! ತಪ್ಪಲ್ಲ. ನೀವು ಅದಕ್ಕೆ ‘ಅಲ್ಲಿ ಬಿದ್ದ ಬೆಳಕು ನೀಲಿ’ ಅಂತ ಹೇಳ್ತಾ ಇದ್ದೀರಿ, ಅದು ‘ಹಾಗಾದರೆ ಹಳದಿ ಸೇರಿಸ್ತೀನಿ’ ಅನ್ನುತ್ತೆ. ರೋಗದ ಹೆಸರು ಹೇಳ್ತೀರಿ, ಅದು ಮದ್ದು ಕೊಡುತ್ತೆ.

ಮೊದಲ ನಿರ್ಧಾರ: ಎರಡು ಬೆಳಕಿನಲ್ಲಿ ಯಾವುದು ಯಜಮಾನ? ನನ್ನ ನಿಯಮ, ಮುಖದ ಹೆಚ್ಚು ಭಾಗದ ಮೇಲೆ ಯಾವುದು ಬಿದ್ದಿದೆಯೋ ಅದೇ. ಇಲ್ಲಿ ಮಗು ಕಿಟಕಿ ಕಡೆಗೆ ಮುಖ ಮಾಡಿತ್ತು. ಹಾಗಾಗಿ ಇಡೀ ಚಿತ್ರವನ್ನ ಮೊದಲು ಕಿಟಕಿ ಬೆಳಕಿಗೆ ಹೊಂದಿಸಬೇಕು, ಬಲ್ಬಿನ ಕಡೆ ಎಷ್ಟೇ ಕೆಟ್ಟು ಹೋದರೂ ಸದ್ಯಕ್ಕೆ ಚಿಂತೆ ಮಾಡಬಾರದು.

ಹೊಂದಿಸೋಕೆ ಒಂದು ಬಣ್ಣವಿಲ್ಲದ ಜಾಗ ಬೇಕು, ಬಿಳಿಯೋ ಬೂದಿಯೋ. ಪಂಚೆಯ ಕಿಟಕಿ ಕಡೆಯ ತುದಿ ಇತ್ತಲ್ಲ, ಮೌಸನ್ನ ಅದರ ಮೇಲಿಟ್ಟೆ. ಲೈಟ್‌ರೂಮ್ ಕೆಂಪು, ಹಸಿರು, ನೀಲಿ ಮೂರರ ಅಳತೆಯನ್ನ ನೂರಕ್ಕೆ ಇಷ್ಟು ಅಂತ ತೋರಿಸುತ್ತೆ. ಕೆಂಪು 70, ಹಸಿರು 77, ನೀಲಿ 87 ಅಂತ ಬಂತು. ಮೂರೂ ಸಮ ಇದ್ದರೆ ಬಣ್ಣ ಇಲ್ಲ ಅಂತ ಅರ್ಥ. ಇಲ್ಲಿ ನೀಲಿ ಮುಂದಿದೆ. ಬಲ್ಬಿನ ಕಡೆ ತುದಿಯಲ್ಲಿ ಅದೇ ಬಟ್ಟೆ ಕೆಂಪು 86, ಹಸಿರು 78, ನೀಲಿ 60. ಕಾಯಿಲೆ ಎಷ್ಟಿದೆ ಅಂತ ಕಣ್ಣಿಗಿಂತ ಈ ಅಂಕಿ ಚೆನ್ನಾಗಿ ಹೇಳುತ್ತೆ. ನಮ್ಮ ಲ್ಯಾಪ್‌ಟಾಪಿನ ಪರದೆ ರಾತ್ರಿ ಹೊತ್ತು ತಾನೇ ಹಳದಿಗೆ ತಿರುಗೋ ಹಾಗೆ ಎಷ್ಟೋ ಜನ ಇಟ್ಟಿರ್ತೀವಿ. ಬಣ್ಣ ತಿದ್ದೋ ಮುಂಚೆ ಅದನ್ನ ಆರಿಸಿ, ಇಲ್ಲದಿದ್ದರೆ ಇಡೀ ರಾತ್ರಿ ಕೂತು ಮಾಡಿದ ಕೆಲಸ ಬೆಳಿಗ್ಗೆ ನೀಲಿಯಾಗಿ ಎದ್ದು ಕೂರುತ್ತೆ.

ಕಿಟಕಿ ಕಡೆಯ ಪಂಚೆ ಮೂರೂ 77ಕ್ಕೆ ಬರೋ ತನಕ Temp ಎಳೆದೆ. 6600ರ ಹತ್ತಿರ ನಿಂತಿತು. ಎಡಗೆನ್ನೆ ಜೀವಂತ ಆಯಿತು, ಮಗುವಿನ ಬಣ್ಣ ಬಂತು. ಬಲಗಡೆ ಏನಾಯಿತು? ಕೆಂಪು 95, ಹಸಿರು 78, ನೀಲಿ 53. ಬೆಂಕಿ ಬಿದ್ದ ಹಾಗೆ. ಇದನ್ನ ನೋಡಿ ಹೆದರಿ ಎಲ್ಲರೂ ಹಿಂದಕ್ಕೆ ಎಳೀತಾರೆ, ಮತ್ತೆ ನಡುಮಧ್ಯಕ್ಕೆ ಬಂದು ಸೇರ್ತಾರೆ. ಹೆದರಬೇಡಿ. ಒಂದು ಮಾತ್ರ ಗಮನಿಸಿ: ಕೆಂಪು 95. ಅದು 100 ಮುಟ್ಟಿಬಿಟ್ಟರೆ ಅಲ್ಲಿನ ವಿವರ ಅಳಿಸಿಹೋಗುತ್ತೆ, ಆಮೇಲೆ ಬಣ್ಣ ತೆಗೆದರೂ ಬರೀ ಚಪ್ಪಟೆ ಬಿಳಿ ತೇಪೆ ಉಳಿಯುತ್ತೆ. 100ಕ್ಕೆ ಮುಟ್ಟಿದ್ದರೆ ಬಣ್ಣಕ್ಕೆ ಕೈ ಹಾಕೋ ಮುಂಚೆ ಆ ಭಾಗದ Exposure ಇಳಿಸಬೇಕು.

ಇನ್ನು ಬಲಗಡೆಯ ಚಿಕಿತ್ಸೆ. ಲೈಟ್‌ರೂಮ್‌ನಲ್ಲಿ ಮಾಸ್ಕ್ ಅಂತ ಇದೆ, ಚಿತ್ರದ ಒಂದು ಭಾಗಕ್ಕೆ ಮಾತ್ರ ತಿದ್ದುಪಡಿ ಹಚ್ಚೋ ಉಪಾಯ. ಅಂಚು ತುಂಬ ಮೆತ್ತಗಿರೋ ಒಂದು ದುಂಡನೆಯ ಮಾಸ್ಕ್ ಅನ್ನ ಲ್ಯಾಂಪಿನ ಸುತ್ತ ಎಳೆದೆ. ಲ್ಯಾಂಪಿನ ಬಳಿ ಪೂರ್ತಿ, ದೂರ ಹೋದ ಹಾಗೆ ಕಮ್ಮಿ. ಬಲ್ಬಿನ ಬೆಳಕು ಹರಡೋದೂ ಹೀಗೇ ತಾನೆ. ಮಾಸ್ಕ್ ಒಳಗಿನ Temp ಕೆಲ್ವಿನ್ ಲೆಕ್ಕದಲ್ಲಿ ಇರೋದಿಲ್ಲ, ಸೊನ್ನೆಯಿಂದ ಆಚೆ ಈಚೆ 100ರ ತನಕ ಹೋಗುತ್ತೆ. ನಿಧಾನವಾಗಿ ನೀಲಿ ಕಡೆಗೆ ಎಳೆದೆ, ಪಂಚೆಯ ಅಂಕಿ ನೋಡ್ತಾ. ಎಲ್‌ಇಡಿಗೆ ಒಂದಿಷ್ಟು ಹಸಿರು ಬಡಿದಿತ್ತು, Tint ಅನ್ನ ಒಂದೈದು ಗುಲಾಬಿ ಕಡೆಗೆ ಸರಿಸಿದೆ. ಕೆಂಪು 82, ಹಸಿರು 78, ನೀಲಿ 74 ಆದಾಗ ನಿಲ್ಲಿಸಿದೆ.

ಯಾಕೆ ಮೂರನ್ನೂ 78ಕ್ಕೆ ತರಲಿಲ್ಲ ಅಂತ ಕೇಳಬಹುದು. ತಂದು ನೋಡಿದೆ. ಚೆನ್ನಾಗಿರಲಿಲ್ಲ. ಚಿತ್ರದಲ್ಲಿ ಲ್ಯಾಂಪು ಉರೀತಾ ಇರೋದು ಕಾಣ್ತಾ ಇದೆ, ಅದರ ಪಕ್ಕದ ಬಟ್ಟೆ ಸೋಪಿನ ಜಾಹೀರಾತಿನ ಹಾಗೆ ಬೆಳ್ಳಗಿದ್ದರೆ ನೋಡೋರಿಗೆ ಏನೋ ಸರಿ ಇಲ್ಲ ಅನ್ನಿಸುತ್ತೆ. ದೀಪದ ಹತ್ತಿರ ಸ್ವಲ್ಪ ಬೆಚ್ಚಗಿನ ಬಣ್ಣವನ್ನ ಕಣ್ಣು ಒಪ್ಪುತ್ತೆ, ಕೇಳುತ್ತೆ ಕೂಡ. ಅದೇ ಕಾರಣಕ್ಕೆ ಹಿಂದೆ ಇದ್ದ ನಂದಾದೀಪವನ್ನ ನಾನು ಮುಟ್ಟಲೇ ಇಲ್ಲ. ಎಣ್ಣೆದೀಪವನ್ನ ಬೆಳ್ಳಗೆ ಮಾಡೋರನ್ನ ಕಂಡರೆ ನನಗೆ ಸಿಟ್ಟು ಬರುತ್ತೆ.

ಮಾಸ್ಕ್ ಹಾಕುವಾಗ ಬರೋ ತೊಂದರೆ ಎರಡು. ಒಂದು, ನಾವು ವಸ್ತುವಿನ ಅಂಚನ್ನ ಹಿಡಿದು ಬಣ್ಣ ಹಚ್ಚೋಕೆ ಹೋಗ್ತೀವಿ, ತಾಯಿಯ ಸೀರೆ ಪೂರ್ತಿ, ಮಗು ಪೂರ್ತಿ ಅಂತ. ಬೆಳಕಿಗೆ ಸೀರೆಯ ಅಂಚು ಗೊತ್ತಿಲ್ಲ. ಅದು ಸೀರೆಯ ನೆರಿಗೆಯ ಒಂದು ಬದಿಗೆ ಬಿದ್ದಿದೆ, ಇನ್ನೊಂದು ಬದಿಗೆ ಬಿದ್ದಿಲ್ಲ. ಮಾಸ್ಕ್ ಬೆಳಕನ್ನ ಹಿಂಬಾಲಿಸಬೇಕು. ಎರಡನೆಯದು ನೆರಳು. ಬಲಗಡೆ ಗೋಡೆ ಮೇಲೆ ತೊಟ್ಟಿಲ ಹಗ್ಗದ ನೆರಳು ಇತ್ತು. ಅದು ಬಲ್ಬಿನ ಬೆಳಕಿಗೆ ಅಡ್ಡ ಬಂದು ಆದ ನೆರಳು. ಅಂದರೆ ಅಲ್ಲಿ ಬಲ್ಬಿನ ಬೆಳಕು ಇಲ್ಲ, ತಲುಪಿರೋದು ಕಿಟಕಿಯ ಬೆಳಕು. ಗೋಡೆಯ ಹಳದಿ ತೆಗೆಯೋಕೆ ಹಚ್ಚಿದ ನೀಲಿ ಆ ನೆರಳಿಗೂ ಬಿದ್ದು, ಹಗ್ಗದ ನೆರಳು ಇಂಕು ಚೆಲ್ಲಿದ ಹಾಗೆ ಆಯಿತು. ಇಂಥ ನೀಲಿ ನೆರಳು ಕಂಡರೆ ಮಾಸ್ಕ್ ಜಾಸ್ತಿ ಕಡೆ ಹರಡಿದೆ ಅಂತ ತಿಳೀಬೇಕು. ಇದಕ್ಕೆ Luminance Range ಅನ್ನೋದನ್ನ ಸೇರಿಸಿ, ಮಾಸ್ಕ್ ಬೆಳಗಿರೋ ಭಾಗಕ್ಕೆ ಮಾತ್ರ ಹತ್ತೋ ಹಾಗೆ ಮಾಡಿದೆ. ನೆರಳು ಹೊರಗುಳಿಯಿತು.

ದುಡ್ಡು ಕೊಟ್ಟು ತಂತ್ರಾಂಶ ತಗೊಳ್ಳೋದು ಬೇಡ ಅನ್ನೋರಿಗೆ ಡಾರ್ಕ್‌ಟೇಬಲ್ ಇದೆ, ಉಚಿತ. ಅದರಲ್ಲಿ color calibration ಅನ್ನೋ ಭಾಗವನ್ನ ಎರಡು ಸಲ ಹಾಕ್ಕೋಬಹುದು, ಒಂದು ಕಿಟಕಿಗೆ, ಇನ್ನೊಂದು ಮಾಸ್ಕ್ ಬರೆದು ಬಲ್ಬಿಗೆ. ತತ್ವ ಒಂದೇ.

ಈಗ ಮಗುವಿನ ಮುಖ. ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿ ಹೇಳ್ತೀನಿ. ಬಣ್ಣ ಹೊಂದಿಸೋ ಹನಿಗೊಳವೆಯ ಗುರುತು ಇದೆಯಲ್ಲ, ಅದನ್ನ ಮಗುವಿನ ಚರ್ಮದ ಮೇಲೆ ಒತ್ತಬೇಡಿ. ಅದು ಒತ್ತಿದ ಜಾಗವನ್ನ ‘ಬಣ್ಣವಿಲ್ಲದ್ದು’ ಅಂತ ತಿಳಿಯುತ್ತೆ. ಮನುಷ್ಯರ ಚರ್ಮ, ಯಾವ ಬಣ್ಣದವರದೇ ಆಗಲಿ, ಬಣ್ಣವಿಲ್ಲದ್ದಲ್ಲ. ಅದರಲ್ಲಿ ಕೆಂಪು ಹಸಿರಿಗಿಂತ ಜಾಸ್ತಿ, ಹಸಿರು ನೀಲಿಗಿಂತ ಜಾಸ್ತಿ ಇರುತ್ತೆ. ಅಲ್ಲಿ ಒತ್ತಿದರೆ ಮಗು ಬೂದಿ ಬಳಿದ ಹಾಗೆ ಆಗುತ್ತೆ. ಇನ್ನೊಂದು ಅಪಾಯ ಅದಕ್ಕಿಂತ ದೊಡ್ಡದು. ಹುಟ್ಟಿದ ಮಕ್ಕಳಲ್ಲಿ ಕಾಮಾಲೆ ನಿಜವಾಗಿಯೂ ಸಾಮಾನ್ಯ. ಮುಖ ಚೆನ್ನಾಗಿ ಕಾಣೋ ತನಕ ಹಳದಿ ತೆಗೆದುಬಿಟ್ಟರೆ ಇರೋ ಕಾಮಾಲೆಯನ್ನೂ ತೊಳೆದುಬಿಡ್ತೀರಿ. ಬಲ್ಬು ಇಲ್ಲದ ಕಾಮಾಲೆ ತೋರಿಸುತ್ತೆ, ನಾವು ಇರೋ ಕಾಮಾಲೆ ಮುಚ್ಚಿಡ್ತೀವಿ. ಆದ್ದರಿಂದ ತಿದ್ದೋದು ಬಟ್ಟೆಯ ಆಧಾರದ ಮೇಲೆ, ಮುಖ ತಾನಾಗಿ ಎಲ್ಲಿ ಬಂದು ನಿಲ್ಲುತ್ತೋ ಅಲ್ಲಿ. ಮತ್ತೆ, ಮಗು ಹಳದಿ ಕಾಣ್ತಾ ಇದೆ ಅಂತ ಅನುಮಾನ ಬಂದರೆ ಫೋಟೋ ಕಳಿಸಿ ‘ನೋಡಿ ಹೇಳಿ’ ಅನ್ನೋದಲ್ಲ. ಬಲ್ಬು ಆರಿಸಿ, ಕಿಟಕಿ ಹತ್ತಿರ ಹಿಡಿದು ನೋಡಿ, ಕಣ್ಣಿನ ಬಿಳಿಭಾಗ ನೋಡಿ, ವೈದ್ಯರಿಗೆ ಫೋನು ಮಾಡಿ. ಎಷ್ಟಿದೆ ಅಂತ ಹೇಳೋದು ಅವರ ಪರೀಕ್ಷೆ, ನಮ್ಮ ಪಟ್ಟಿಗಳಲ್ಲ.

ಬಟ್ಟೆಯ ಆಧಾರ ಅಂದೆ, ಅದರಲ್ಲೂ ಒಂದು ಸೂಕ್ಷ್ಮ ಇದೆ. ಡಿಟರ್ಜೆಂಟುಗಳಲ್ಲಿ ಬಟ್ಟೆ ಬೆಳ್ಳಗೆ ಕಾಣಲಿ ಅಂತ ಒಂದು ಹೊಳಪು ಹಾಕಿರ್ತಾರೆ. ಅದು ಹಗಲಿನ ಬೆಳಕಲ್ಲಿರೋ, ಕಣ್ಣಿಗೆ ಕಾಣದ ಅತಿನೇರಳೆ ಕಿರಣವನ್ನ ಹೀರಿ ನೀಲಿಯಾಗಿ ಹೊಳೆಯುತ್ತೆ. ಪ್ರಿಂಟರ್ ಕಾಗದದಲ್ಲೂ ಅದು ಇರುತ್ತೆ. ಕಿಟಕಿ ಪಕ್ಕದಲ್ಲಿ ಅಂಥ ಬಟ್ಟೆಯನ್ನ ನಂಬಿ ಹೊಂದಿಸಿದರೆ, ಆ ಹೆಚ್ಚುವರಿ ನೀಲಿ ಲೆಕ್ಕಕ್ಕೆ ಸೇರಿ ಚಿತ್ರ ಕೊಂಚ ಹಳದಿ ಬರುತ್ತೆ. ಎಲ್‌ಇಡಿ ಬೆಳಕಲ್ಲಿ ಆ ಕಿರಣ ಇಲ್ಲದ್ದರಿಂದ ಅಲ್ಲಿ ಈ ಹೊಳಪಿನ ಆಟ ನಡೆಯೋದಿಲ್ಲ. ಇದಕ್ಕೇ ಫೋಟೋದವರು ಬೂದು ಬಣ್ಣದ ಕಾರ್ಡು ಇಟ್ಕೊಳ್ಳೋದು. ಹೆಚ್ಚು ಬೆಲೆ ಇಲ್ಲ. ಸಮಾರಂಭ ಶುರುವಾಗೋ ಮುಂಚೆ ಕೂರೋ ಜಾಗದಲ್ಲಿ ಅದನ್ನ ಕಿಟಕಿ ಕಡೆ ಒಂದು ಸಲ, ಬಲ್ಬಿನ ಕಡೆ ಒಂದು ಸಲ ಹಿಡಿದು ಎರಡು ಫೋಟೋ ತೆಗೆದಿಟ್ಟರೆ ಆಮೇಲೆ ಊಹೆ ಮಾಡೋ ಕೆಲಸ ಅರ್ಧ ಉಳಿಯುತ್ತೆ.

ಇಷ್ಟೆಲ್ಲ ಮಾಡಿದ ಮೇಲೂ ಸರಿಹೋಗದ ಒಂದು ಜಾಗ ಇತ್ತು. ಮಗುವಿನ ಮೂಗಿನ ಅಂಚು. ಅಲ್ಲಿ ಕೂದಲೆಳೆಯ ಅಂತರದಲ್ಲಿ ನೀಲಿ ಹಳದಿಯಾಗಿ ತಿರುಗುತ್ತೆ, ಅಲ್ಲಿ ಮಾಸ್ಕ್ ಎಳೆಯೋದು ಅಂದರೆ ಸೂಜಿ ಮೊನೆಯಲ್ಲಿ ರಂಗೋಲಿ ಹಾಕಿದ ಹಾಗೆ. ಅಲ್ಲಿ ಬಣ್ಣದ ಗಾಢತೆಯನ್ನೇ ಸ್ವಲ್ಪ ಇಳಿಸಿ ಸುಮ್ಮನಾದೆ. ಇಡೀ ಮುಖವೇ ಹಾಗೆ ಕಲಸಿಹೋಗಿದ್ದರೆ ನಾನು ಬಣ್ಣ ತೆಗೆದು ಕಪ್ಪುಬಿಳುಪು ಮಾಡಿಬಿಡ್ತೀನಿ. ಸೋತು ಮಾಡೋದಲ್ಲ ಅದು. ನಮ್ಮ ಮೈಸೂರಿನವರೇ ಆದ ವಿ. ಕೆ. ಮೂರ್ತಿ 1959ರ ‘ಕಾಗಜ್ ಕೆ ಫೂಲ್’ಗೆ ಕನ್ನಡಿ ಹಿಡಿದು ಬಿಸಿಲನ್ನ ಸ್ಟುಡಿಯೋ ಒಳಗೆ ತಂದು ಬೆಳಕಿನ ಕೋಲು ಮಾಡಿದ್ದನ್ನ ನೋಡಿದ್ದೀರಲ್ಲ. ಕಪ್ಪುಬಿಳುಪಿನಲ್ಲಿ ಬೆಳಕು ಬಿಸಿಲಿನದೋ ದೀಪದ್ದೋ ಅಂತ ಬಣ್ಣ ಜಗಳ ಆಡೋದಿಲ್ಲ. ಎಲ್ಲಿಂದ ಬಂತು, ಎಷ್ಟು ಬಂತು ಅನ್ನೋದೇ ಮಾತು.

ಇನ್ನು, ಇದೆಲ್ಲ ಬೇಡವೇ ಬೇಡ ಅನ್ನೋರಿಗೆ. ಫೋಟೋ ತೆಗೆಯೋ ಮುಂಚೆ ಲ್ಯಾಂಪು ಆರಿಸಿ. ಅಷ್ಟೆ. ಹನ್ನೊಂದು ಗಂಟೆಗೆ ದೊಡ್ಡ ಕಿಟಕಿ ಪಕ್ಕ ಮಗು ಇದ್ದರೆ ಅದೇ ಸಾಕು. ಕೋಣೆ ಮಂಕಾಗುತ್ತೆ, ಐಎಸ್‌ಓ 1600ಕ್ಕೆ ಏರಿಸಿ. ಈಗಿನ ಕ್ಯಾಮೆರಾಗಳು ತಡ್ಕೊಳ್ತವೆ. ಕಿಟಕಿಯ ಎದುರು ಬದಿಯಲ್ಲಿ ಒಬ್ಬರ ಕೈಯಲ್ಲಿ ಬಿಳಿ ಥರ್ಮಾಕೋಲ್ ಹಲಗೆ ಹಿಡಿಸಿ, ಕತ್ತಲಿದ್ದ ಗೆನ್ನೆಗೂ ಕಿಟಕಿ ಬೆಳಕೇ ತಿರುಗಿ ಬೀಳುತ್ತೆ. ಆದರೆ ಪೂಜೆ ನಡೆಯುವಾಗ ಯಾರಾದರೂ ದೊಡ್ಡವರು "ಏನಪ್ಪಾ, ಶುಭಕಾರ್ಯದಲ್ಲಿ ದೀಪ ಆರಿಸ್ತೀಯಾ?" ಅಂತಾರೆ. ಅಂತಾರೆ, ನನಗೂ ಅಂದಿದ್ದಾರೆ.

ಹಾಗಿದ್ದಾಗ ಬಲ್ಬನ್ನೇ ಬದಲಾಯಿಸಿ. ಇಲ್ಲಿ ಮಾರೋ ಬಲ್ಬಿನ ಡಬ್ಬದ ಮೇಲೆ ಎಷ್ಟು ಕೆಲ್ವಿನ್ ಅಂತ ಬರೆದೇ ಇರುತ್ತೆ. ‘ಡೇಲೈಟ್’ ಅನ್ನೋದು ಸಾಮಾನ್ಯವಾಗಿ 5000. ಕಿಟಕಿ 6500, ಬಲ್ಬು 5000, ಇನ್ನೂ 1500 ಅಂತರ ಇದೆಯಲ್ಲ ಅಂತ ಲೆಕ್ಕದವರು ಕೇಳ್ತಾರೆ. ಕೆಲ್ವಿನ್ ಅಂಕಿ ಇಲ್ಲಿ ಮೋಸ ಮಾಡುತ್ತೆ. ಕೆಳಗಿನ ಅಂಕಿಗಳಲ್ಲಿ ಸಣ್ಣ ವ್ಯತ್ಯಾಸವೂ ಕಣ್ಣಿಗೆ ದೊಡ್ಡದು, ಮೇಲಿನ ಅಂಕಿಗಳಲ್ಲಿ ದೊಡ್ಡ ವ್ಯತ್ಯಾಸವೂ ಸಣ್ಣದು. ಸಿನಿಮಾ ದೀಪದವರು ಅದಕ್ಕೆ ಹತ್ತು ಲಕ್ಷವನ್ನ ಕೆಲ್ವಿನ್‌ನಿಂದ ಭಾಗಿಸಿ ಮೈರೆಡ್ ಅನ್ನೋ ಲೆಕ್ಕ ಹಿಡೀತಾರೆ. 6500ಕ್ಕೆ 154 ಬರುತ್ತೆ, 5000ಕ್ಕೆ 200, 2700ಕ್ಕೆ 370. ಮೊದಲ ಎರಡರ ಅಂತರ 46. ಕಿಟಕಿಗೂ ಹಳದಿ ಬಲ್ಬಿಗೂ 216. ಬಲ್ಬು ಬದಲಾಯಿಸಿದರೆ ತೊಂದರೆ ಹೆಚ್ಚುಕಮ್ಮಿ ಕಾಲು ಭಾಗಕ್ಕೆ ಇಳಿಯುತ್ತೆ, ಆ ಕಾಲು ಭಾಗವನ್ನ ಮನೆಮಂದಿ ಯಾರೂ ಗುರುತಿಸೋದಿಲ್ಲ. ಸಂಜೆ ಮತ್ತೆ ಹಳೇ ಬಲ್ಬು ಹಾಕ್ಕೊಳ್ಳಿ.

ಬಲ್ಬು ಕೊಳ್ಳುವಾಗ ಡಬ್ಬದಲ್ಲಿ ಸಿಆರ್‌ಐ ಅಂತ ಇನ್ನೊಂದು ಅಂಕಿ ಇದ್ದರೆ ನೋಡಿ, 90 ಅಥವಾ ಮೇಲೆ ಇರಲಿ. ಅದು ಬೆಳಕು ಬಣ್ಣಗಳನ್ನ ಎಷ್ಟು ನಿಜವಾಗಿ ತೋರಿಸುತ್ತೆ ಅನ್ನೋದರ ಅಂಕ. ಅಗ್ಗದ ಎಲ್‌ಇಡಿಗಳಲ್ಲಿ ಗಾಢ ಕೆಂಪು ಬೆಳಕು ತೀರ ಕಮ್ಮಿ ಇರುತ್ತೆ. ಬಿಳಿ ಪಂಚೆ ಸರಿಯಾಗೇ ಕಾಣುತ್ತೆ, ಆದರೆ ಇಳಕಲ್ ಸೀರೆಯ ಕೆಂಪು ಸೆರಗು ಇಟ್ಟಿಗೆ ಬಣ್ಣಕ್ಕೆ ಇಳಿದುಬಿಡುತ್ತೆ. ಇದನ್ನ ವೈಟ್ ಬ್ಯಾಲೆನ್ಸ್ ತಿದ್ದಲಾರದು. ಬೆಳಕಲ್ಲಿ ಇಲ್ಲದ ಬಣ್ಣವನ್ನ ಪಟ್ಟಿ ಎಳೆದು ತರೋಕೆ ಆಗೋದಿಲ್ಲ. ಬಿಳಿ ಬಟ್ಟೆಯ ಮೂರು ಅಂಕಿ ಸಮ ಇದ್ದೂ ಕೆಂಪು ಮಾತ್ರ ಸತ್ತ ಹಾಗಿದ್ದರೆ ಕಾರಣ ಇದೇ ಅಂತ ತಿಳ್ಕೊಳ್ಳಿ.

ಕೊನೆಗೆ ಹೊತ್ತಿನ ಮಾತು. ಡಿಸೆಂಬರಿನಲ್ಲಿ ನಮ್ಮಲ್ಲಿ ನಾಲ್ಕೂ ಇಪ್ಪತ್ತಕ್ಕೆಲ್ಲ ಸೂರ್ಯ ಮುಳುಗ್ತಾನೆ. ಮುಳುಗಿದ ಮೇಲಿನ ಅರ್ಧ ಗಂಟೆ ಕಿಟಕಿ ಕಡುನೀಲಿ, ಬಲ್ಬಿಗೂ ಕಿಟಕಿಗೂ ಅತಿ ದೊಡ್ಡ ಅಂತರ ಆಗಲೇ. ಆ ಹೊತ್ತಿಗೆ ಗುಂಪು ಫೋಟೋ ಇಟ್ಕೋಬೇಡಿ, ಅಥವಾ ಪರದೆ ಎಳೀರಿ. ಐದು ಗಂಟೆ ಆಯಿತು ಅಂದರೆ ಕಿಟಕಿ ಕಪ್ಪು, ಉಳಿಯೋದು ಬಲ್ಬು ಒಂದೇ. ಕ್ಯಾಮೆರಾವನ್ನ ಆಟೋದಿಂದ ತೆಗೆದು, ಕೈಯಾರೆ 2700ಕ್ಕೆ ಇಟ್ಟು, ತಿದ್ದುಪಡಿ ಇಲ್ಲದೆ ಆರಾಮಾಗಿ ತೆಗೀಬಹುದು. ಫ್ಲ್ಯಾಶ್ ಹಾಕೋರು ಅದರ ಮೇಲೆ ಕಿತ್ತಳೆ ಬಣ್ಣದ ಸಿಟಿಒ ಹಾಳೆ ಅಂಟಿಸಿಕೊಳ್ಳಿ; ಫ್ಲ್ಯಾಶಿನ ಬೆಳಕು 5500 ಇರೋದರಿಂದ, ಹಾಳೆ ಇಲ್ಲದಿದ್ದರೆ ಕಿಟಕಿ ಹೋದ ಮೇಲೂ ಎರಡು ಬೆಳಕಿನ ಜಗಳ ಮತ್ತೆ ಶುರುವಾಗುತ್ತೆ.

ನಿಮ್ಮ ಹತ್ತಿರ ಇಂಥ ಅರ್ಧ ನೀಲಿ ಅರ್ಧ ಹಳದಿ ಫೋಟೋ ಇದ್ದರೆ, ರಾ ಫೈಲ್ ಸಮೇತ ತಗೊಂಡು ಊಟ ಆದ ಮೇಲೆ ಇಲ್ಲೇ ಕೂರೋಣ, ನನ್ನ ಲ್ಯಾಪ್‌ಟಾಪು ಇದೆ.